"ಇನ್ಶೂರೆನ್ಸ್ ಇದ್ದು, ದುಡ್ಡು ಬತ್ತಾ?": ಕ್ಲೇಮ್ ಬಗ್ಗೆ ಕೇಳುವ ಮೊದಲು ಕೈಯಲ್ಲಿರಬೇಕಾದ ನಾಲ್ಕು ಸಂಗತಿ

2025ರ ಸೆಪ್ಟೆಂಬರ್ 18, ರಾತ್ರಿ ಎಂಟೂವರೆ. ಶಿರಸಿ ಹತ್ತಿರದ ಒಂದು ಹಳ್ಳಿಯಿಂದ ಫೋನ್ ಬಂತು. ದೂರದ ಸಂಬಂಧದ ಹುಡುಗ. "ಭಾವಾ, ಅಪ್ಪಂಗೆ ಪಿತ್ತಕೋಶದಲ್ಲಿ ಕಲ್ಲಡ. ಆಪರೇಷನ್ ಆಗವಡ. ಇನ್ಶೂರೆನ್ಸ್ ಇದ್ದು, ದುಡ್ಡು ಬತ್ತಾ?"

ಹದಿನಾರು ವರ್ಷದಿಂದ ಆರೋಗ್ಯ ವಿಮೆಯ ಏಜೆಂಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆ ವಾರಕ್ಕೆ ನಾಲ್ಕೈದು ಸಲ ಬರುತ್ತದೆ. ಕಾರವಾರದಿಂದ, ಕುಮಟಾದಿಂದ, ಬೆಂಗಳೂರಿನಲ್ಲಿರುವ ಮಕ್ಕಳಿಂದ. ಪ್ರತಿ ಸಲವೂ ಹೀಗೇ ಇರುತ್ತದೆ: ಕಾಯಿಲೆಯ ಹೆಸರು ಇರುತ್ತದೆ, 'ಇನ್ಶೂರೆನ್ಸ್ ಇದೆ' ಎಂಬ ಮಾತು ಇರುತ್ತದೆ, ಮತ್ತೇನೂ ಇರುವುದಿಲ್ಲ. ಇದಕ್ಕೆ 'ಬರುತ್ತದೆ' ಎಂದರೂ ತಪ್ಪು, 'ಬರುವುದಿಲ್ಲ' ಎಂದರೂ ತಪ್ಪು. ಯಾರಾದರೂ ಧೈರ್ಯವಾಗಿ ಎರಡರಲ್ಲಿ ಒಂದು ಹೇಳಿದರೆ ಅವರ ಮಾತು ನಂಬಿ ಆಸ್ಪತ್ರೆಗೆ ಹೊರಡಬೇಡಿ.

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಜಾಸ್ತಿ ಮುಖ್ಯ. ದೊಡ್ಡ ಚಿಕಿತ್ಸೆಗೆ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹೋಗಬೇಕು. ಘಟ್ಟ ಇಳಿದು ಅಥವಾ ನೂರು ಕಿಲೋಮೀಟರ್ ದಾಟಿ, ಅಡ್ಮಿಟ್ ಆದ ಮೇಲೆ 'ನಿಮ್ಮದು ಆಗುವುದಿಲ್ಲ' ಎಂದು ಕೌಂಟರಿನಲ್ಲಿ ಹೇಳಿದರೆ ಮನೆಗೆ ಹೋಗಿ ದುಡ್ಡು ತರುವಷ್ಟು ಹತ್ತಿರ ಮನೆ ಇರುವುದಿಲ್ಲ. ಹಾಗಾಗಿ ಆ ಹುಡುಗನ ಕೇಸನ್ನೇ ಹಿಡಿದು, ಪ್ರಶ್ನೆಗೆ ಬೇಕಾದ ಒಂದೊಂದು ಸಂಗತಿ ಸಿಕ್ಕಹಾಗೆ ಉತ್ತರ ಹೇಗೆ ಬದಲಾಯಿತು ಎಂದು ಹೇಳುತ್ತೇನೆ. ನಿಮ್ಮ ಮನೆಯ ಪಾಲಿಸಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಒಳ್ಳೆಯದು.

ಒಂದು: ಅದು ಯಾವ ಪಾಲಿಸಿ?

ನಾನು ಮೊದಲು ಕೇಳಿದ್ದು ಇದನ್ನೇ. "ಬ್ಯಾಂಕಿಂದು ಇದ್ದು" ಅಂದ. ಪಾಸ್‌ಬುಕ್ ನೋಡಿ ಎಷ್ಟು ಕಟ್ಟಾಗಿದೆ ಹೇಳು ಅಂದೆ. 20 ರೂಪಾಯಿ.

ವರ್ಷಕ್ಕೆ 20 ರೂಪಾಯಿ ಕಟ್ಟಾಗುವುದು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ. ಅದು ಅಪಘಾತದ ವಿಮೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಅಂಗವೈಕಲ್ಯವಾದರೆ ಅದರ ಪ್ರಮಾಣ ನೋಡಿ ಹಣ. ಆಸ್ಪತ್ರೆ ಬಿಲ್ಲಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. 436 ರೂಪಾಯಿ ಕಟ್ಟಾಗುತ್ತಿದ್ದರೆ ಅದು ಜೀವನ ಜ್ಯೋತಿ, ಜೀವ ವಿಮೆ. ಅದೂ ಆಸ್ಪತ್ರೆಗೆ ಅಲ್ಲ. ಈ ಎರಡನ್ನೂ 'ಮೋದಿ ಇನ್ಶೂರೆನ್ಸ್' ಎಂದು ಕರೆದು, ಆರೋಗ್ಯ ವಿಮೆ ಇದೆ ಎಂದು ನಂಬಿ ಕೂತ ಎಷ್ಟೋ ಮನೆಗಳನ್ನು ನೋಡಿದ್ದೇನೆ.

ನಮ್ಮ ಕಡೆ ಬರೀ 'ವಿಮೆ' ಎಂದರೆ ಇನ್ನೂ ಏನೇನೋ ಆಗಬಹುದು. ತೋಟದವರಿಗೆ ಅದು ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆ. ಸೊಸೈಟಿ ಸದಸ್ಯರಿಗೆ ಯಶಸ್ವಿನಿ. ರೇಷನ್ ಕಾರ್ಡ್ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಯಶಸ್ವಿನಿ ಮತ್ತು ಆರೋಗ್ಯ ಕರ್ನಾಟಕ ನಡೆಯುವುದು ಅವರ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗೆ. ಅವುಗಳ ಪ್ರಶ್ನೆಯನ್ನು ಸೊಸೈಟಿಯಲ್ಲಿ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಹತ್ತಿರ ಕೇಳಬೇಕು, ಕಂಪನಿ ಏಜೆಂಟ್ ಹತ್ತಿರ ಅಲ್ಲ.

ಇನ್ನೊಂದು ಬಗೆ ಮಗ ಅಥವಾ ಮಗಳ ಕಂಪನಿ ಕೊಡುವ ಗುಂಪು ಪಾಲಿಸಿ. ಇದನ್ನು ಮರೆಯುವವರೇ ಜಾಸ್ತಿ. ಕಾರವಾರದ ಒಬ್ಬ ಅಮ್ಮ ಮೊಣಕಾಲಿನ ಕೀಲು ಬದಲಿಸಬೇಕು ಎಂದು ಕೇಳಿದ್ದರು. ಅವರ ಸ್ವಂತ ಪಾಲಿಸಿಗೆ ಒಂದೇ ವರ್ಷ ಆಗಿತ್ತು, ಅದರಲ್ಲಿ ಆ ಆಪರೇಷನ್ನಿಗೆ ಮೂರು ವರ್ಷ ಕಾಯಬೇಕಿತ್ತು. ಆಗುವುದಿಲ್ಲ ಎಂದು ಹೇಳಿ ಫೋನ್ ಇಡುವವನಿದ್ದೆ. "ಮಗಳ ಆಫೀಸಿನವರು ಏನೋ ಕಾರ್ಡ್ ಕಳಿಸಿದ್ದರು" ಎಂದು ಕೊನೆಗೆ ಹೇಳಿದರು. ಅದರಲ್ಲಿ ತಂದೆ ತಾಯಿಯ ಹೆಸರೂ ಇತ್ತು, ಕಾಯುವ ಅವಧಿಯನ್ನು ಪೂರ್ತಿ ಮನ್ನಾ ಮಾಡಿದ್ದರು. ಗುಂಪು ಪಾಲಿಸಿಗಳಲ್ಲಿ ಹೀಗೆ ಮನ್ನಾ ಇರುವುದು ಸಾಮಾನ್ಯ. ಎಲ್ಲದರಲ್ಲೂ ಇರುತ್ತದೆ ಎಂದಲ್ಲ, ಕೇಳಿ ನೋಡಬೇಕು.

ಹುಡುಗನ ಮನೆಯಲ್ಲಿ ಕಪಾಟು ಹುಡುಕಿದ ಮೇಲೆ ಇನ್ನೊಂದು ಫೈಲ್ ಸಿಕ್ಕಿತು. ಖಾಸಗಿ ಕಂಪನಿಯ ಫ್ಯಾಮಿಲಿ ಫ್ಲೋಟರ್ ಆರೋಗ್ಯ ಪಾಲಿಸಿ. ಅಪ್ಪ, ಅಮ್ಮ ಇಬ್ಬರಿಗೂ ಸೇರಿ. ಈಗ ಮುಂದೆ ಹೋಗಬಹುದಿತ್ತು.

ಎರಡು: ಶೆಡ್ಯೂಲ್ ಪುಟದ ಫೋಟೋ

ಪಾಲಿಸಿ ಪುಸ್ತಕ ಮೂವತ್ತು ನಲವತ್ತು ಪುಟ ಇರುತ್ತದೆ. ಮೊದಲಿಗೆ ಬೇಕಾದದ್ದು ಒಂದೇ ಹಾಳೆ, ಶೆಡ್ಯೂಲ್. ಹೆಸರು, ವಯಸ್ಸು, ತಾರೀಕು, ಮೊತ್ತ ಎಲ್ಲ ಕೋಷ್ಟಕದಲ್ಲಿ ಇರುವ ಪುಟ. ಅದರ ಜೊತೆಗೆ ಗ್ರಾಹಕ ಮಾಹಿತಿ ಪತ್ರ ಎಂದು ಎರಡು ಮೂರು ಪುಟ ಇರುತ್ತದೆ. ಕಾಯುವ ಅವಧಿ, ಮಿತಿಗಳು, ಏನು ಸೇರಿಲ್ಲ ಎಂಬುದು ಅಲ್ಲಿ ಚಿಕ್ಕದಾಗಿ ಇರುತ್ತದೆ. ಈ ಎರಡರ ಫೋಟೋ ಕಳಿಸು ಅಂದೆ. ನೀವೂ ಯಾರನ್ನೇ ಕೇಳುವುದಿದ್ದರೂ ಇವೆರಡನ್ನೇ ಕಳಿಸಿ. ಊರಿನ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಪಾಲಿಸಿ ನಂಬರ್, ಹುಟ್ಟಿದ ತಾರೀಕು, ವಿಳಾಸ ಎಲ್ಲ ಅದರಲ್ಲಿ ಇರುತ್ತದೆ.

ಶೆಡ್ಯೂಲಿನಲ್ಲಿ ವಿಮಾ ಮೊತ್ತ 4 ಲಕ್ಷ ಎಂದಿತ್ತು. "ಹಂಗಾರೆ 4 ಲಕ್ಷ ಸಿಗ್ತು" ಅಂದ ಹುಡುಗ. ಎರಡು ಕಾರಣಕ್ಕೆ ಅದು ಸರಿಯಲ್ಲ.

ಮೊದಲನೆಯದು, ಫ್ಲೋಟರ್‌ನಲ್ಲಿ ಮೊತ್ತ ಎಲ್ಲರಿಗೂ ಸೇರಿ ಒಂದೇ. ಜುಲೈನಲ್ಲಿ ಅವನ ಅಮ್ಮನಿಗೆ ಡೆಂಗ್ಯೂ ಆಗಿ 62 ಸಾವಿರ ಕ್ಲೇಮ್ ಆಗಿತ್ತು. ಅಂದರೆ ಆ ಪಾಲಿಸಿ ವರ್ಷದಲ್ಲಿ ಉಳಿದದ್ದು 3,38,000. ಕ್ಲೇಮ್ ಪ್ರಶ್ನೆ ಕೇಳುವಾಗ ವಿಮಾ ಮೊತ್ತದ ಜೊತೆಗೆ 'ಈ ವರ್ಷ ಆಗಲೇ ಎಷ್ಟು ಬಳಕೆಯಾಗಿದೆ' ಎಂದೂ ಹೇಳಬೇಕು.

ಎರಡನೆಯದು ರೂಮ್ ಬಾಡಿಗೆಯ ಮಿತಿ. ಈ ಪಾಲಿಸಿಯಲ್ಲಿ ದಿನಕ್ಕೆ ವಿಮಾ ಮೊತ್ತದ ಶೇಕಡಾ 1, ಅಂದರೆ 4 ಸಾವಿರ. ಇದು ರೂಮಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡರೆ ದೊಡ್ಡ ಪೆಟ್ಟು ಬೀಳುತ್ತದೆ. ಇಂಥ ಮಿತಿ ಇರುವ ಪಾಲಿಸಿಗಳಲ್ಲಿ, ಮಿತಿಗಿಂತ ದುಬಾರಿ ರೂಮ್ ತೆಗೆದುಕೊಂಡರೆ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತದೆ. ಔಷಧಿ, ದೇಹದೊಳಗೆ ಇಡುವ ಸಾಧನ ಮತ್ತು ಪರೀಕ್ಷೆಗಳಿಗೆ ಈ ಕಡಿತ ಇಲ್ಲ.

ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೆ 6 ಸಾವಿರದ ರೂಮಿನಲ್ಲಿ ಮೂರು ದಿನ ಇದ್ದರೆ ರೂಮಿಗೆ 18,000. ಡಾಕ್ಟರ್, ಥಿಯೇಟರ್, ಅರಿವಳಿಕೆ, ನರ್ಸಿಂಗ್ ಸೇರಿ 60,000 ಎಂದಿಟ್ಟುಕೊಳ್ಳಿ. ಔಷಧಿ 21,000, ಪರೀಕ್ಷೆ 9,000, ಕೈಗವಸು ಮುಂತಾದ ಕಂಪನಿ ಕೊಡದ ಸಾಮಾನು 5,000. ಒಟ್ಟು 1,13,000. ಅರ್ಹ ರೂಮ್ 4 ಸಾವಿರ, ತೆಗೆದುಕೊಂಡದ್ದು 6 ಸಾವಿರ, ಅಂದರೆ ಮೂರರಲ್ಲಿ ಎರಡು ಪಾಲು ಮಾತ್ರ. ರೂಮಿಗೆ 12,000 ಸಿಗುತ್ತದೆ. 60,000ದಲ್ಲಿ 40,000 ಸಿಗುತ್ತದೆ. ಔಷಧಿ, ಪರೀಕ್ಷೆ ಪೂರ್ತಿ. ಕಂಪನಿ ಕೊಡುವುದು 82,000, ಕೈಯಿಂದ ಹೋಗುವುದು 31,000. ಅದರಲ್ಲಿ 26,000 ಬರೀ ರೂಮ್ ಆರಿಸಿದ್ದರಿಂದ ಆದದ್ದು. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಿಮಾ ಮೊತ್ತ ಕೇಳುವುದು ಯಾಕೆ ಎಂದು ಈಗ ಗೊತ್ತಾಯಿತಲ್ವಾ? ಬಿಲ್ಲು 4 ಲಕ್ಷದ ಹತ್ತಿರಕ್ಕೂ ಬರದಿದ್ದರೂ ಆ ಸಂಖ್ಯೆಯಿಂದಲೇ ರೂಮಿನ ಮಿತಿ ಹುಟ್ಟುತ್ತದೆ.

ಮೂರು: ಯಾವ ತಾರೀಕಿನಿಂದ, ಎಷ್ಟು ತಿಂಗಳು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ತಿರಸ್ಕಾರದ ಪತ್ರ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಎಡವಿರುವುದು ಈ ಜಾಗದಲ್ಲೇ.

ಆರೋಗ್ಯ ಪಾಲಿಸಿಯಲ್ಲಿ ಕಾಯುವ ಅವಧಿ ಒಂದಲ್ಲ, ಮೂರು. ಮೊದಲ 30 ದಿನ ಅಪಘಾತ ಬಿಟ್ಟು ಯಾವ ಕಾಯಿಲೆಗೂ ಹಣ ಇಲ್ಲ. ಎರಡನೆಯದು ಕೆಲವು ಹೆಸರಿಸಿದ ಕಾಯಿಲೆಗಳಿಗೆ: ಕಣ್ಣಿನ ಪೊರೆ, ಹರ್ನಿಯಾ, ಪಿತ್ತಕೋಶದ ಕಲ್ಲು, ಪ್ರಾಸ್ಟೇಟ್, ಗರ್ಭಕೋಶ ತೆಗೆಯುವುದು, ಇಂಥವು. ಸಾಮಾನ್ಯವಾಗಿ 24 ತಿಂಗಳು. ಪಾಲಿಸಿ ತೆಗೆದುಕೊಂಡ ಮೇಲೆ ಹೊಸದಾಗಿ ಬಂದರೂ ಇದು ಅನ್ವಯಿಸುತ್ತದೆ. ಮೂರನೆಯದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗಳಿಗೆ. 2024ರ ಏಪ್ರಿಲ್‌ನಿಂದ ಇದು 36 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಅದಕ್ಕೂ ಮೊದಲು 48ರವರೆಗೆ ಇರಬಹುದಿತ್ತು.

ಈ ತಿಂಗಳುಗಳನ್ನು ಎಣಿಸುವುದು ಮೊಟ್ಟಮೊದಲ ಪಾಲಿಸಿಯ ತಾರೀಕಿನಿಂದ. ಶೆಡ್ಯೂಲಿನ ಮೇಲ್ಗಡೆ ದೊಡ್ಡದಾಗಿ ಕಾಣುವುದು ಈ ವರ್ಷದ ನವೀಕರಣದ ತಾರೀಕು. ಮೊದಲ ತಾರೀಕು ಕೆಳಗೆ ಕೋಷ್ಟಕದಲ್ಲಿ, ಪ್ರತಿಯೊಬ್ಬರ ಹೆಸರಿನ ಎದುರು 'ಫಸ್ಟ್ ಇನ್ಸೆಪ್ಷನ್ ಡೇಟ್' ಅಥವಾ ಅಂಥದ್ದೇ ಹೆಸರಿನಲ್ಲಿ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತಾರೀಕು ಇರಬಹುದು. ಹೆಂಡತಿಯನ್ನು ಎರಡು ವರ್ಷ ಬಿಟ್ಟು ಸೇರಿಸಿದ್ದರೆ ಅವರ ಕಾಯುವ ಅವಧಿ ಅವತ್ತಿನಿಂದ ಶುರು. ಕಂಪನಿ ಬದಲಿಸಿ ಪೋರ್ಟ್ ಮಾಡಿದ್ದರೆ ಹಳೆ ಕಂಪನಿಯಲ್ಲಿ ಕಳೆದ ಸಮಯವೂ ಲೆಕ್ಕಕ್ಕೆ ಬರುತ್ತದೆ, ಆದರೆ ಹಳೆ ವಿಮಾ ಮೊತ್ತದಷ್ಟಕ್ಕೆ ಮಾತ್ರ. ನಡುವೆ ಮೊತ್ತ ಏರಿಸಿದ್ದರೂ ಅಷ್ಟೇ: ಏರಿಸಿದ ಭಾಗಕ್ಕೆ ಕಾಯುವುದು ಮತ್ತೆ ಮೊದಲಿನಿಂದ.

ಹುಡುಗನ ಅಪ್ಪನ ಮೊದಲ ತಾರೀಕು 2023ರ ಅಕ್ಟೋಬರ್ 10. ಪಿತ್ತಕೋಶದ ಕಲ್ಲಿಗೆ ಅವರ ಪಾಲಿಸಿಯಲ್ಲಿ 24 ತಿಂಗಳು. ಅದು ಮುಗಿಯುವುದು 2025ರ ಅಕ್ಟೋಬರ್ 9ಕ್ಕೆ. ಅವನು ಫೋನ್ ಮಾಡಿದ್ದು ಸೆಪ್ಟೆಂಬರ್ 18. ಅಂದರೆ ಅವತ್ತಿಗೆ 'ಇಲ್ಲ', ಮೂರು ವಾರ ಕಳೆದರೆ 'ಹೌದು'. ಅದೇ ಕಾಯಿಲೆ, ಅದೇ ಪಾಲಿಸಿ. ಮರುದಿನವೇ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಲು ಅವರು ಬಟ್ಟೆ ಬರೆ ಕಟ್ಟಿಟ್ಟಿದ್ದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಾಯಬಹುದೋ ಇಲ್ಲವೋ ಎಂದು ತೀರ್ಮಾನಿಸುವವರು ಸರ್ಜನ್ ಮಾತ್ರ. ಏಜೆಂಟ್ ಅಲ್ಲ, ಮಗನೂ ಅಲ್ಲ. ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿದರೆ ಕಾಮಾಲೆ ಆಗಬಹುದು, ಮೇದೋಜೀರಕ ಗ್ರಂಥಿಗೆ ಉರಿಯೂತ ಬರಬಹುದು, ಜೀವಕ್ಕೇ ಅಪಾಯ. ಹಾಗಾಗಿ ಅವರು ಸರ್ಜನ್ ಹತ್ತಿರ ನೇರವಾಗಿ ಕೇಳಿದರು: "ಒಂದು ತಿಂಗಳು ತಡೆದರೆ ತೊಂದರೆ ಇದೆಯೇ?" ರಿಪೋರ್ಟ್ ನೋಡಿ ಅವರು ತಡೆಯಬಹುದು ಎಂದರು. ಎಣ್ಣೆ ಪದಾರ್ಥ ಬಿಡಲು ಹೇಳಿದರು. ಜ್ವರ, ಕಣ್ಣು ಹಳದಿಯಾಗುವುದು, ಬಿಡದ ನೋವು, ಇದರಲ್ಲಿ ಒಂದು ಕಂಡರೂ ತಾರೀಕು ನೋಡದೆ ಬನ್ನಿ ಎಂದು ಬರೆದುಕೊಟ್ಟರು.

ಇನ್ನು ಮೂರನೆಯ ಕಾಯುವ ಅವಧಿ. ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳೊಳಗೆ ಡಾಕ್ಟರ್ ಪತ್ತೆ ಹಚ್ಚಿದ, ಅಥವಾ ಡಾಕ್ಟರ್ ಸಲಹೆ, ಚಿಕಿತ್ಸೆ ಪಡೆದ ಕಾಯಿಲೆ 'ಮೊದಲೇ ಇದ್ದ ಕಾಯಿಲೆ' ಆಗುತ್ತದೆ. ಹಳೆ ಪಾಲಿಸಿಗಳಲ್ಲಿ 48 ತಿಂಗಳು ಎಂದು ಅಚ್ಚಾಗಿರಬಹುದು. ಒಂದೇ ಕಾಯಿಲೆ ಎರಡೂ ಪಟ್ಟಿಗೆ ಸೇರಿದರೆ ಯಾವ ಅವಧಿ ದೊಡ್ಡದೋ ಅದು ಅನ್ವಯಿಸುತ್ತದೆ. ಹಾಗಾಗಿ "ಈ ಮೊದಲು ಹೊಟ್ಟೆ ಸ್ಕ್ಯಾನ್ ಯಾವಾಗಲಾದರೂ ಆಗಿತ್ತಾ?" ಎಂದು ಕೇಳಿದೆ. ಹುಡುಗ ಇಲ್ಲ ಅಂದ. ಹಿಂದಿನಿಂದ ಅವನ ಅಮ್ಮನ ದನಿ ಕೇಳಿಸಿತು. ಹೊಟ್ಟೆನೋವು ಎಂದು 2023ರ ಜನವರಿಯಲ್ಲಿ ಶಿರಸಿಯಲ್ಲಿ ಮಾಡಿಸಿದ್ದರು.

ಪಾಲಿಸಿಗೆ ಒಂಬತ್ತು ತಿಂಗಳ ಮೊದಲು! ಆ ರಿಪೋರ್ಟಿನಲ್ಲಿ ಕಲ್ಲು ಎಂದು ಇದ್ದರೆ ಕಾಯಬೇಕಾದ್ದು 2026ರ ಅಕ್ಟೋಬರ್‌ವರೆಗೆ. ಪಾಲಿಸಿ ಅರ್ಜಿಯಲ್ಲಿ ಹೇಳದೆ ಇದ್ದರೆ ಮಾಹಿತಿ ಮುಚ್ಚಿಟ್ಟ ಪ್ರಶ್ನೆಯೂ ಬರುತ್ತದೆ. ಎರಡು ದಿನ ಹುಡುಕಿ ರಿಪೋರ್ಟ್ ತೆಗೆದರು. ಪಿತ್ತಕೋಶ ಸಹಜವಾಗಿದೆ, ಕಲ್ಲು ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಭಯಪಟ್ಟ ಕಾಗದವೇ ಅವರ ಅತಿ ಒಳ್ಳೆಯ ಸಾಕ್ಷಿ ಆಯಿತು. ಹಳೆ ರಿಪೋರ್ಟ್ ಎಸೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನಿಮ್ಮ ಮನೆಯಲ್ಲಿ ಇದರ ಉಲ್ಟಾ ಆಗಿದ್ದರೆ, ಅಂದರೆ ಹಳೆ ಕಾಯಿಲೆ ಇದ್ದು ಅರ್ಜಿಯಲ್ಲಿ ಬರೆದಿರದಿದ್ದರೆ, ಕ್ಲೇಮ್ ಬರುವವರೆಗೆ ಸುಮ್ನೆ ಕೂರಬೇಡಿ. ನವೀಕರಣದ ಮೊದಲೇ ಕಂಪನಿಗೆ ಬರೆದು ತಿಳಿಸಿ. ಪಾಲಿಸಿ ಬಿಡದೆ 60 ತಿಂಗಳು ಮುಗಿದ ಮೇಲೆ, ವಂಚನೆ ಸಾಬೀತಾದರೆ ಬಿಟ್ಟು, ಮಾಹಿತಿ ಹೇಳಿಲ್ಲ ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಅಲ್ಲಿಯವರೆಗೆ ಮಾತ್ರ ಅದು ತಲೆಯ ಮೇಲಿನ ಕತ್ತಿಯೇ.

ನಾಲ್ಕು: ಏನಾಗಿದೆ ಎಂಬುದನ್ನು ಡಾಕ್ಟರ್ ಕಾಗದದಿಂದ ಬರೆಯಿರಿ

'ಹೊಟ್ಟೆ ಆಪರೇಷನ್', 'ಕಾಲಿನ ತೊಂದರೆ' ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಾಯಿಲೆಯ ಹೆಸರು, ಮಾಡುವ ಆಪರೇಷನ್ನಿನ ಹೆಸರು, ಮೊದಲು ಪತ್ತೆಯಾದ ದಿನ, ಯಾವ ಊರಿನ ಯಾವ ಆಸ್ಪತ್ರೆ, ಎಷ್ಟು ದಿನ ಇರಬೇಕು, ಇಷ್ಟು ಬೇಕು. ಅಪಘಾತವಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಸ್ಕೂಟರಿನಿಂದ ಬಿದ್ದು ಕೈ ಮುರಿದರೆ ಆ 30 ದಿನದ ಅಡ್ಡಿ ಇಲ್ಲ. ಅಡಿಕೆ ಮೂಟೆ ಎತ್ತಿದ ಮೇಲೆ ಹರ್ನಿಯಾ ಕಂಡರೆ ಮಾತ್ರ ಅದನ್ನು ಅಪಘಾತ ಎಂದು ಒಪ್ಪುವುದು ಕಷ್ಟ. ಅದು ಹೆಸರಿಸಿದ ಕಾಯಿಲೆಗಳ ಪಟ್ಟಿಯಲ್ಲೇ ಇರುತ್ತದೆ.

ಆಸ್ಪತ್ರೆಯ ಕೇಸ್ ಶೀಟ್ ಬಗ್ಗೆ ಒಂದು ಎಚ್ಚರಿಕೆ. ಅಡ್ಮಿಟ್ ಆಗುವಾಗ ಕಿರಿಯ ಡಾಕ್ಟರ್ "ಎಷ್ಟು ದಿನದಿಂದ ಇದೆ?" ಎಂದು ಕೇಳುತ್ತಾರೆ. ನಮ್ಮ ಹಿರಿಯರು "ಮೂರ್ನಾಲ್ಕು ವರ್ಷದಿಂದ ಹಿಂಗೇಯ" ಅಂದುಬಿಡುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ಹುಳಿತೇಗು, ಹೊಟ್ಟೆ ಉರಿ. ಕಾಗದದಲ್ಲಿ ಬರುವುದು 'ಹೊಟ್ಟೆನೋವು, ನಾಲ್ಕು ವರ್ಷದಿಂದ'. ಕಂಪನಿಯವರು ಅದನ್ನು ಓದಿ ಮೊದಲೇ ಇದ್ದ ಕಾಯಿಲೆ ಎನ್ನುತ್ತಾರೆ. ಸುಳ್ಳು ಹೇಳಿ ಎಂದು ನಾನು ಹೇಳುತ್ತಿಲ್ಲ. ಬಿಡಿಸಿ ಹೇಳಿ: ಗ್ಯಾಸ್ ತೊಂದರೆ ಎಷ್ಟು ವರ್ಷದಿಂದ, ಈ ಬಲಪಕ್ಕೆಯ ನೋವು ಯಾವ ತಿಂಗಳಿನಿಂದ. ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿ ನಿಂತಿರಿ. ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ. ಅದರ ಅರ್ಜಿ ಕಳಿಸುವ ಮೊದಲು ಆ ಸಾಲು ಏನಿದೆ ಎಂದು ಓದಿ ನೋಡಿ. ತಪ್ಪಿದ್ದರೆ ಡಾಕ್ಟರ್ ಹತ್ತಿರ ಆಗಲೇ ಸರಿ ಮಾಡಿಸಿ. ಡಿಸ್ಚಾರ್ಜ್ ಆದ ಮೇಲೆ ತಿದ್ದಿಸಿದರೆ ಅನುಮಾನ ಬರುತ್ತದೆ.

ಈಗ ಪ್ರಶ್ನೆ ಬರೆಯಿರಿ

ಎಲ್ಲ ಸೇರಿಸಿದ ಮೇಲೆ ಹುಡುಗ ಕಂಪನಿಯ ಇಮೇಲಿಗೆ ಕಳಿಸಿದ್ದು ಹೀಗಿತ್ತು. ಇದನ್ನೇ ನಿಮ್ಮ ವಿವರ ಹಾಕಿ ಬಳಸಿಕೊಳ್ಳಿ.

> ಪಾಲಿಸಿ: ಫ್ಯಾಮಿಲಿ ಫ್ಲೋಟರ್ ಆರೋಗ್ಯ ವಿಮೆ, ತಂದೆ ಮತ್ತು ತಾಯಿ. ಪಾಲಿಸಿ ನಂಬರ್ ಮೇಲೆ ಕೊಟ್ಟಿದ್ದೇನೆ.
> ವಿಮಾ ಮೊತ್ತ 4 ಲಕ್ಷ. ಜುಲೈ 2025ರಲ್ಲಿ ತಾಯಿಗೆ 62,000 ಕ್ಲೇಮ್ ಆಗಿದೆ. ಮೊತ್ತವನ್ನು ನಡುವೆ ಏರಿಸಿಲ್ಲ.
> ತಂದೆಯ ಮೊದಲ ಪಾಲಿಸಿ ತಾರೀಕು 10-10-2023. ನಡುವೆ ಬಿಟ್ಟಿಲ್ಲ.
> ಪಿತ್ತಕೋಶದ ಕಲ್ಲು, ಮೊದಲು ಪತ್ತೆಯಾದದ್ದು 15-09-2025. ಜನವರಿ 2023ರ ಸ್ಕ್ಯಾನ್‌ನಲ್ಲಿ ಕಲ್ಲು ಇರಲಿಲ್ಲ. ಎರಡೂ ರಿಪೋರ್ಟ್ ಲಗತ್ತಿಸಿದ್ದೇನೆ.
> ಲ್ಯಾಪ್ರೊಸ್ಕೋಪಿಕ್ ಆಪರೇಷನ್, ಹುಬ್ಬಳ್ಳಿ, 27-10-2025ಕ್ಕೆ ಅಡ್ಮಿಷನ್, ಸುಮಾರು ಮೂರು ದಿನ.
> ಪ್ರಶ್ನೆ: 24 ತಿಂಗಳ ಕಾಯುವ ಅವಧಿ ಆ ದಿನಕ್ಕೆ ಮುಗಿದಿರುತ್ತದೆಯೇ? ಬೇರೆ ಯಾವ ಮಿತಿ ಅಥವಾ ಸಹಪಾವತಿ ಅನ್ವಯಿಸುತ್ತದೆ? ಈ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆಯೇ?

ಫೋನಿನಲ್ಲಿ ಕೇಳಿದರೆ ಉತ್ತರ ಗಾಳಿಗೆ ಹೋಗುತ್ತದೆ, ಇಮೇಲ್ ಉಳಿಯುತ್ತದೆ. ಎರಡು ದಿನದಲ್ಲಿ ಉತ್ತರ ಬಂತು: ಅವಧಿ ಮುಗಿದಿರುತ್ತದೆ, ಸಹಪಾವತಿ ಇಲ್ಲ, ರೂಮ್ ಮಿತಿ 4 ಸಾವಿರ, ಆಸ್ಪತ್ರೆ ಪಟ್ಟಿಯಲ್ಲಿದೆ. ಸಹಪಾವತಿ ಎಂದರೆ ಬಿಲ್ಲಿನ ಒಂದು ಪಾಲನ್ನು ನಾವೇ ಕೊಡಬೇಕೆಂಬ ಷರತ್ತು. ಇಂಥ ಉತ್ತರ ಪೂರ್ತಿ ಖಾತ್ರಿಯಲ್ಲ. ಕೊನೆಯ ತೀರ್ಮಾನ ಆಸ್ಪತ್ರೆ ಕಳಿಸುವ ಕಾಗದ ನೋಡಿ ಆಗುತ್ತದೆ. ಆದರೆ ಮುಂದೆ ಜಗಳ ಬಂದರೆ ಈ ಇಮೇಲ್ ನಿಮ್ಮ ಕೈಯಲ್ಲಿರುತ್ತದೆ.

ಒಂದು ಅಪಾಯ ಮಾತ್ರ ಬಾಕಿ ಇತ್ತು. ಪಾಲಿಸಿಯ ವರ್ಷ ಮುಗಿಯುವುದೂ ಅಕ್ಟೋಬರ್ 9ಕ್ಕೇ. "ಕೊನೆಕೊಯ್ಲಿನ ದುಡ್ಡು ಬಂದ ಮೇಲೆ ಕಟ್ಟಿದರೆ ಆಗ್ತಿಲ್ಯಾ, 30 ದಿನ ಟೈಮ್ ಇದ್ದಲಿ" ಎಂದು ಅಪ್ಪ ಹೇಳಿದರಂತೆ. ವಾರ್ಷಿಕ ಕಂತಿಗೆ 30 ದಿನದ ವಿನಾಯಿತಿ ಇರುವುದು ನಿಜ. ಅದರೊಳಗೆ ಕಟ್ಟಿದರೆ ಕಾಯುವ ಅವಧಿಯ ಲೆಕ್ಕ ಉಳಿಯುತ್ತದೆ. ಆದರೆ ಕಟ್ಟದೆ ಇದ್ದ ಆ ದಿನಗಳಲ್ಲಿ ಅಡ್ಮಿಟ್ ಆದರೆ ರಕ್ಷಣೆ ಇಲ್ಲ. 27ಕ್ಕೆ ಅಡ್ಮಿಟ್ ಆಗಿ ನವೆಂಬರ್‌ನಲ್ಲಿ ಕಂತು ಕಟ್ಟಿದ್ದರೆ ಎರಡು ವರ್ಷ ಕಾದದ್ದೂ ನೀರಿನಲ್ಲಿ ಹೋಮ ಮಾಡಿದ ಹಾಗೆ ಆಗುತ್ತಿತ್ತು. ಅಕ್ಟೋಬರ್ 4ಕ್ಕೆ ಕಟ್ಟಿಸಿದೆ. ಹೊಸ ವರ್ಷ ಶುರುವಾದ್ದರಿಂದ 62 ಸಾವಿರ ಕಳೆಯುವ ಮಾತೂ ಹೋಯಿತು, ಪೂರ್ತಿ 4 ಲಕ್ಷ ಮತ್ತೆ ಬಂತು.

ದೀಪಾವಳಿ ಮುಗಿಸಿ ಹೊರಟರು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ನಾಲ್ಕು ದಿನ ಮೊದಲೇ ಕಾಗದ ಕೊಟ್ಟಿದ್ದರು. ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು ಎಂಬುದು 2024ರಿಂದ ಇರುವ ನಿಯಮ. ರೂಮ್ 4 ಸಾವಿರದ ಒಳಗಿನದ್ದೇ ಕೇಳಿ ಪಡೆದರು. ಕೈಯಿಂದ ಹೋದದ್ದು ಕಂಪನಿ ಕೊಡದ ಸಾಮಾನಿನ ಹಣ ಮಾತ್ರ.

'ಇಲ್ಲ' ಎಂಬ ಉತ್ತರ ಬಂದರೆ

ಯಾವ ಷರತ್ತಿನ ಕೆಳಗೆ ತಿರಸ್ಕರಿಸಿದ್ದಾರೆ ಎಂಬುದನ್ನು ಬರವಣಿಗೆಯಲ್ಲಿ, ಷರತ್ತಿನ ನಂಬರ್ ಸಮೇತ ಕೇಳಿ. ಆ ಷರತ್ತನ್ನು ಪಾಲಿಸಿ ಪುಸ್ತಕದಲ್ಲಿ ತೆಗೆದು ನಿಮ್ಮ ತಾರೀಕುಗಳ ಜೊತೆ ಇಟ್ಟು ನೋಡಿ. ಕಂಪನಿ ನವೀಕರಣದ ತಾರೀಕನ್ನೇ ಮೊದಲ ತಾರೀಕು ಎಂದು ಹಿಡಿದ ಕೇಸನ್ನೂ ನಾನು ನೋಡಿದ್ದೇನೆ. ಹಳೆ ಶೆಡ್ಯೂಲ್ ತೋರಿಸಿದ ಮೇಲೆ ಸರಿ ಮಾಡಿದರು.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ಹಾಕಬಹುದು, ಫೋನ್ 155255. ಒಂದು ತಿಂಗಳಾದರೂ ಕಂಪನಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಶುಲ್ಕ ಇಲ್ಲ, ವಕೀಲರು ಬೇಡ. ಅಲ್ಲೂ ಮೊದಲು ಕೇಳುವುದು ಇದೇ ನಾಲ್ಕು ಸಂಗತಿ.

ಡಿಸೆಂಬರ್‌ನಲ್ಲಿ ಅದೇ ಹುಡುಗನಿಂದ ಮೆಸೇಜ್ ಬಂತು. ಅಮ್ಮನಿಗೆ ಎಡಗಣ್ಣಿನ ಪೊರೆ, ಪತ್ತೆಯಾದ ದಿನ, ಮೊದಲ ಪಾಲಿಸಿ ತಾರೀಕು 10-10-2023, ಈ ವರ್ಷ ಅಪ್ಪನಿಗೆ ಆದ ಕ್ಲೇಮ್ ಎಷ್ಟು, ಕುಮಟಾದ ಆಸ್ಪತ್ರೆ, ಅದೇ ದಿನ ಮನೆಗೆ. ಜೊತೆಗೆ ಎರಡು ಫೋಟೋ. ನಾನು ಮಾಹಿತಿ ಪತ್ರ ನೋಡಿ ಎರಡು ಸಾಲು ಬರೆದೆ: 24 ತಿಂಗಳು ಮುಗಿದಿದೆ, ಆಗುತ್ತದೆ. ಆದರೆ ಒಂದು ಕಣ್ಣಿಗೆ 40 ಸಾವಿರದ ಮಿತಿ ಇದೆ, ಲೆನ್ಸ್ ಆರಿಸುವ ಮೊದಲು ಅದರ ಬೆಲೆ ಕೇಳು.